ಕನ್ನಡಕ ಹಾಕಿದವರ ಫೋಟೋ ತೆಗೆಯುವಾಗ ಗಾಜು ಹೊಳೆಯದ ಹಾಗೆ ಮಾಡೋದು ಹೇಗೆ?

ಪ್ರಶ್ನೆ: ಅಪ್ಪನಿಗೆ 60 ತುಂಬುತ್ತಿದೆ. ಆಹ್ವಾನ ಪತ್ರಿಕೆಗೆ ಒಂದು ಒಳ್ಳೆಯ ಫೋಟೋ ಬೇಕು. ಕಿಟಕಿ ಹತ್ತಿರ ಕೂರಿಸಿ ತೆಗೆದರೆ ಕನ್ನಡಕದಲ್ಲಿ ಇಡೀ ಕಿಟಕಿ ಕಾಣುತ್ತದೆ, ಕಂಬಿ ಸಮೇತ. ಫ್ಲಾಶ್ ಹಾಕಿದರೆ ಎರಡೂ ಕಣ್ಣಿನ ಮೇಲೆ ಬಿಳಿ ಚುಕ್ಕೆ. ಕನ್ನಡಕ ತೆಗೀರಿ ಅಂದ್ರೆ "ಆಮೇಲೆ ಅದು ನಾನೇ ಅಂತ ಯಾರಿಗೂ ಗೊತ್ತಾಗಲ್ಲ" ಅಂತಾರೆ. ಪೋಲರೈಸರ್ ಫಿಲ್ಟರ್ ತಗೊಂಡ್ರೆ ಸರಿಹೋಗುತ್ತಾ?

ಉತ್ತರ: ಫಿಲ್ಟರ್‌ಗೆ ದುಡ್ಡು ಹಾಕಬೇಡಿ. ಪೋಲರೈಸರ್ ಚೆನ್ನಾಗಿ ಕೆಲಸ ಮಾಡೋದು ಬೆಳಕು ಗಾಜಿಗೆ ಓರೆಯಾಗಿ, ಸುಮಾರು 56 ಡಿಗ್ರಿಯಲ್ಲಿ ಬಡಿದು ಬಂದಾಗ. ಮುಖ ಕ್ಯಾಮೆರಾ ಕಡೆಗೆ ಇದ್ದಾಗ ಕನ್ನಡಕಕ್ಕೆ ಬೆಳಕು ಹೆಚ್ಚುಕಡಿಮೆ ನೇರವಾಗಿ ಬಡಿಯುತ್ತದೆ. ಆಗ ಫಿಲ್ಟರನ್ನು ಎಷ್ಟು ತಿರುಗಿಸಿದರೂ ಹೊಳಪು ಹಾಗೇ ಇರುತ್ತದೆ, ಫೋಟೋ ಮಾತ್ರ ಕತ್ತಲಾಗುತ್ತದೆ.

ನಿಮಗೆ ಬೇಕಾಗಿರುವುದು ಕೋನದ ಲೆಕ್ಕ. ಕೇರಂ ಆಡಿದ್ದೀರಲ್ವಾ? ಸ್ಟ್ರೈಕರ್ ಅಂಚಿಗೆ ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಆಚೆ ಹೋಗುತ್ತದೆ. ಬೆಳಕೂ ಹಾಗೇ. ಕ್ಯಾಮೆರಾಗೂ ಕಿಟಕಿಗೂ ಸರಿಯಾಗಿ ಮಧ್ಯದ ದಿಕ್ಕಿಗೆ ಅಪ್ಪನ ಮೂಗು ತಿರುಗಿದ್ದರೆ ಕಿಟಕಿ ನೇರ ನಿಮ್ಮ ಲೆನ್ಸಿಗೇ ಬರುತ್ತದೆ. ಕಿಟಕಿ ಅವರ ಪಕ್ಕಕ್ಕೆ, ಅಂದರೆ ಕ್ಯಾಮೆರಾದಿಂದ 80-90 ಡಿಗ್ರಿ ಆಚೆ ಇದೆ ಅಂದುಕೊಳ್ಳಿ. ಅವರು ಕ್ಯಾಮೆರಾವನ್ನೇ ನೋಡುತ್ತಿದ್ದರೆ ಗಾಜಿನಲ್ಲಿ ಕಿಟಕಿ ಕಾಣಬಾರದು. ಆದರೆ ನಾವು ಸುಮ್ನಿರಲ್ಲ, "ಅಪ್ಪಾ, ಸ್ವಲ್ಪ ಬೆಳಕಿನ ಕಡೆ ತಿರುಗಿ" ಅಂತೀವಿ. ಅವರು 40 ಡಿಗ್ರಿ ತಿರುಗುತ್ತಾರೆ. ತಲೆ 40 ತಿರುಗಿದರೆ ಗಾಜು ತೋರಿಸುವ ದಿಕ್ಕು 80 ತಿರುಗುತ್ತದೆ, ಎರಡರಷ್ಟು. ಅಲ್ಲಿಗೆ ಕಿಟಕಿ ಸಿಕ್ಕಿತು, ಕಂಬಿ ಸಮೇತ.

ಹಾಗಾಗಿ ಕುರ್ಚಿಯನ್ನು ಕಿಟಕಿ ಕಡೆ ತಿರುಗಿಸಿ, ಮೈ ಅತ್ತ ಇರಲಿ, ಮುಖ ಮಾತ್ರ ಕ್ಯಾಮೆರಾಗೆ ಬರಲಿ. ಇನ್ನೂ ಅಂಚಿನಲ್ಲಿ ಹೊಳಪು ಉಳಿದಿದ್ದರೆ ಮುಖವನ್ನು ಕಿಟಕಿಯಿಂದ ಆಚೆಗೆ 10-15 ಡಿಗ್ರಿ ತಿರುಗಿಸಿ. ಈಗ ಗಾಜು ತೋರಿಸುವುದು ಎದುರು ಬದಿಯ ಗೋಡೆಯನ್ನು. ಆ ಗೋಡೆ ಬಿಳಿ ಬಣ್ಣದ್ದಾಗಿ ಅದರ ಮೇಲೆ ಬೆಳಕೂ ಬಿದ್ದಿದ್ದರೆ ಗಾಜು ಮಂಕಾಗಿ ಕಾಣುತ್ತದೆ, ಒಂದು ಕಡು ಬಣ್ಣದ ಬೆಡ್‌ಶೀಟ್ ನೇತುಹಾಕಿದರೆ ಸಾಕು. ಕಿಟಕಿಗೆ ಬೆನ್ನು ಹಾಕಿ ನಿಂತು ಮಾತ್ರ ತೆಗೆಯಬೇಡಿ. ಮುಖಕ್ಕೆ ಬೆಳಕು ಚೆನ್ನಾಗಿ ಬೀಳುತ್ತದೆ ನಿಜ, ಆದರೆ ಕನ್ನಡಕದಲ್ಲಿ ಕಿಟಕಿಯ ಜೊತೆ ನೀವೂ ಕಾಣುತ್ತೀರಿ.

ಇದು ಅಡ್ಡ ದಿಕ್ಕಿನ ಮಾತಾಯಿತು. ಮೇಲೆ ಕೆಳಗಿನ ಲೆಕ್ಕದಲ್ಲಿ ನಮಗೆ ಒಂದು ಅನುಕೂಲ ಇದೆ, ಅದನ್ನು ಜಾಸ್ತಿ ಜನ ಗಮನಿಸಿರುವುದಿಲ್ಲ. ಅಪ್ಪನ ಪಕ್ಕಕ್ಕೆ ಹೋಗಿ ನಿಂತು ಕನ್ನಡಕ ನೋಡಿ. ಗಾಜು ನೇರವಾಗಿ ನಿಂತಿರುವುದಿಲ್ಲ. ಕೆಳಗಿನ ಅಂಚು ಕೆನ್ನೆ ಕಡೆಗೆ, ಮೇಲಿನ ಅಂಚು ಹುಬ್ಬಿನಿಂದ ಸ್ವಲ್ಪ ಮುಂದಕ್ಕೆ ಇರುತ್ತದೆ. ಸುಮಾರು 10 ಡಿಗ್ರಿ ವಾಲಿಕೆ ಅಂತ ಇಟ್ಟುಕೊಳ್ಳಿ. ಅಂದರೆ ಗಾಜು ನೆಲದ ಕಡೆ ನೋಡುತ್ತಿದೆ, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿದ್ದರೆ ಅದು ತೋರಿಸುವುದು 20 ಡಿಗ್ರಿ ಕೆಳಗಿರುವುದನ್ನು. ಮೇಲಿನಿಂದ ಬರುವ ಬೆಳಕು ಕನ್ನಡಕಕ್ಕೆ ತೊಂದರೆ ಕೊಡದಿರುವುದು ಇದಕ್ಕೇ. ಅದೇ ಮುಂದಿನ ಟೀಪಾಯ್ ಮೇಲೆ ಬಿಳಿ ಪೇಪರ್ ಬಿದ್ದಿದ್ದರೆ, ನೆಲದ ಟೈಲ್ಸ್ ಮೇಲೆ ಬಿಸಿಲು ಬಿದ್ದಿದ್ದರೆ ಗಾಜಿನಲ್ಲಿ ಅದು ಕಾಣುತ್ತದೆ.

ಈ ವಾಲಿಕೆಯನ್ನು ನಾವೇ ಹಾಳು ಮಾಡಿಕೊಳ್ಳುತ್ತೇವೆ. "ಗದ್ದ ಮೇಲೆತ್ತಿ" ಅಂದ ತಕ್ಷಣ ತಲೆ ಹಿಂದಕ್ಕೆ ವಾಲುತ್ತದೆ, ಆ 10 ಡಿಗ್ರಿ ಅಲ್ಲೇ ಕರಗಿತು. ಇನ್ನೂ ಸ್ವಲ್ಪ ಎತ್ತಿದರೆ ಗಾಜು ಟ್ಯೂಬ್‌ಲೈಟ್ ಕಡೆ ನೋಡತೊಡಗುತ್ತದೆ. ಉಲ್ಟಾ ಮಾಡಿ. ಗದ್ದ ಒಂಚೂರು ಕೆಳಗಿರಲಿ. ಅದರಿಂದ ಕತ್ತಿನ ಮಡಿಕೆ ಕಾಣುತ್ತದೆ ಅನ್ನಿಸಿದರೆ ಹಣೆಯನ್ನು ಕ್ಯಾಮೆರಾ ಕಡೆಗೆ ಸ್ವಲ್ಪ ಮುಂದೆ ತರಲು ಹೇಳಿ, ಸರಿಹೋಗುತ್ತದೆ. ಇನ್ನೊಂದು ದಾರಿ ಅಂದರೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲಿಂದ ಅರ್ಧ ಅಥವಾ ಒಂದು ಸೆಂಟಿಮೀಟರ್ ಎತ್ತಿ ಕೂದಲ ಮೇಲೆ ಕೂರಿಸುವುದು. ಎದುರಿನಿಂದ ಗೊತ್ತೇ ಆಗಲ್ಲ. ಆದರೆ ಜಾಸ್ತಿ ಎತ್ತಿದರೆ ಫ್ರೇಮಿನ ಮೇಲಂಚು ಕಣ್ಣಿಗೆ ಅಡ್ಡ ಬರುತ್ತದೆ, ಪಕ್ಕದಿಂದ ತೆಗೆದ ಫೋಟೋದಲ್ಲಂತೂ ಕಡ್ಡಿ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ನೀವು ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ತೆಗೆಯಬೇಡಿ, ಅದೂ ಗದ್ದ ಎತ್ತಿಸಿದ್ದಕ್ಕೆ ಸಮ. ಅಪ್ಪ ಕೂತಿದ್ದರೆ ನೀವು ನಿಂತೇ ತೆಗೆಯಿರಿ.

ಇನ್ನು ಫ್ಲಾಶ್. ಕೋಟಿಂಗ್ ಇಲ್ಲದ ಮಾಮೂಲಿ ಗಾಜಿನ ಒಂದೊಂದು ಮೈಯೂ ಸುಮಾರು 4% ಬೆಳಕನ್ನು ವಾಪಸ್ ಕಳಿಸುತ್ತದೆ. ಒಳಗೊಂದು ಹೊರಗೊಂದು ಸೇರಿ ಸುಮಾರು 8%. ಆ್ಯಂಟಿ ರಿಫ್ಲೆಕ್ಷನ್ ಕೋಟಿಂಗ್ ಇದ್ದರೆ ಇದು ತುಂಬಾ ಕಮ್ಮಿ ಆಗುತ್ತದೆ, ಆದರೆ ಫ್ಲಾಶ್ ಎದುರಿಗೇ ಇದ್ದಾಗ ಅಷ್ಟೂ ಸಾಕು, ಬಿಳಿ ಚುಕ್ಕೆಯ ಬದಲು ಹಸಿರೋ ನೇರಳೆಯೋ ಆದ ಚುಕ್ಕೆ ಬರುತ್ತದೆ. ಮೊಬೈಲ್ ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಅದರ ಕೋನ ಬದಲಿಸಲು ಆಗುವುದೇ ಇಲ್ಲ. ಅದನ್ನು ಆಫ್ ಮಾಡಿ. ಕ್ಯಾಮೆರಾ ಮೇಲೆ ಕೂರುವ ಫ್ಲಾಶ್ ಆದರೆ ಅದರ ತಲೆಯನ್ನು ಬಿಳಿ ತಾರಸಿ ಕಡೆಗೆ ಎತ್ತಿ. ಬೆಳಕು ತಾರಸಿಗೆ ಬಡಿದು ಮೇಲಿನಿಂದ ಬರುತ್ತದೆ, ಗಾಜು ಕೆಳಗೆ ನೋಡುತ್ತಿರುತ್ತದೆ, ಇಬ್ಬರಿಗೂ ಭೇಟಿಯೇ ಆಗಲ್ಲ. ಹೆಂಚಿನ ಮನೆ, ಎತ್ತರದ ಕಲ್ಯಾಣ ಮಂಟಪಗಳಲ್ಲಿ ಈ ಉಪಾಯ ನಡೆಯಲ್ಲ. ಅಲ್ಲಿ ಫ್ಲಾಶನ್ನು ಕ್ಯಾಮೆರಾದಿಂದ ಬಿಚ್ಚಿ ಸ್ಟ್ಯಾಂಡಿಗೆ ಹಾಕಬೇಕು, ತಲೆಗಿಂತ ಎರಡು ಮೂರು ಅಡಿ ಮೇಲೆ, ಸ್ವಲ್ಪ ಪಕ್ಕಕ್ಕೆ. ಫ್ಲಾಶ್ ಬೆಳಕನ್ನು ಹರಡಿಸುವ ಬಿಳಿ ಬಟ್ಟೆಯ ಪೆಟ್ಟಿಗೆ, ಅಂದರೆ ದೊಡ್ಡ ಸಾಫ್ಟ್‌ಬಾಕ್ಸ್ ಹಾಕಿದರೆ ಹೊಳಪು ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನಂತೂ ಒಪ್ಪಲ್ಲ. ದೊಡ್ಡದಾದಷ್ಟೂ ಅದು ಹೆಚ್ಚು ಕೋನಗಳನ್ನು ತುಂಬುತ್ತದೆ, ಅದನ್ನು ಗಾಜಿನಿಂದ ಆಚೆ ಸರಿಸಲು ಜಾಗ ಕಮ್ಮಿಯಾಗುತ್ತದೆ.

ಫ್ಲಾಶ್ ಮಿಂಚಿ ಹೋಗುವ ವಸ್ತು, ಮೊದಲೇ ನೋಡುವುದು ಹೇಗೆ? ಅದರ ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ಹಿಡಿಯಲು ಯಾರಿಗಾದರೂ ಹೇಳಿ. ನೀವು ಕ್ಯಾಮೆರಾ ಇರುವ ಜಾಗದಲ್ಲೇ ಕಣ್ಣಿಟ್ಟು ನೋಡಿ. ಟಾರ್ಚ್ ಮೇಲೆ ಹೋದ ಹಾಗೆ ಗಾಜಿನಲ್ಲಿರುವ ಚುಕ್ಕೆ ಕಣ್ಣುಗುಡ್ಡೆಯಿಂದ ಫ್ರೇಮಿನ ಅಂಚಿಗೆ ಜಾರಿ ಮಾಯವಾಗುವುದು ಕಾಣುತ್ತದೆ. ಅಲ್ಲಿಗೆ ಫ್ಲಾಶ್ ಕಟ್ಟಿ.

ಗಾಜಿನ ಪವರ್ ಕೂಡ ಲೆಕ್ಕಕ್ಕೆ ಬರುತ್ತದೆ. ಜಾಸ್ತಿ ಮೈನಸ್ ಇರುವ ಗಾಜಿನ ಮುಂಭಾಗ ಚಪ್ಪಟೆ, ಹೊಳೆದರೆ ಪೂರ್ತಿ ಹೊಳೆಯುತ್ತದೆ, ತಲೆ ಸ್ವಲ್ಪ ಅಲುಗಿಸಿದರೆ ಪೂರ್ತಿ ಹೋಗುತ್ತದೆ. ಪ್ಲಸ್ ಗಾಜು ಉಬ್ಬಿರುತ್ತದೆ, ರೂಮಿನ ಜಾಸ್ತಿ ಭಾಗ ಅದರಲ್ಲಿ ಕಾಣುತ್ತದೆ. ನಿಮ್ಮಪ್ಪನದು ಪ್ಲಸ್ ಆಗಿದ್ದರೆ ಮೂಲೆಯಲ್ಲೊಂದು ಚಿಕ್ಕ ಚುಕ್ಕೆ ಉಳಿಯಬಹುದು. ಉಳಿಯಲಿ ಬಿಡಿ, ಕಣ್ಣುಗುಡ್ಡೆ ಮೇಲೆ ಇಲ್ಲದಿದ್ದರೆ ಆಯಿತು.

ಕನ್ನಡಕ ಇಲ್ಲದ ಇನ್ನೊಂದು ಫೋಟೋ ತೆಗೆದು ಅದರಿಂದ ಕಣ್ಣು ತಂದು ಅಂಟಿಸುವವರೂ ಇದ್ದಾರೆ. ಪವರ್ ಜಾಸ್ತಿ ಇದ್ದರೆ ಇದು ಹೊಂದಲ್ಲ. ಮೈನಸ್ ಗಾಜಿನ ಹಿಂದೆ ಕಣ್ಣು ಚಿಕ್ಕದಾಗಿ, ಪ್ಲಸ್ ಹಿಂದೆ ದೊಡ್ಡದಾಗಿ ಕಾಣುತ್ತದೆ, ಕೆನ್ನೆಯ ಗೆರೆಯೂ ಗಾಜಿನೊಳಗೆ ಜರುಗಿರುತ್ತದೆ. ಅದರ ಬದಲು ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಅಪ್ಪ ಅಲುಗಾಡದೆ ಕೂತಿರುವಾಗ ಕನ್ನಡಕ ಹಾಕಿಕೊಂಡೇ ಎರಡು ಫೋಟೋ ತೆಗೆಯಿರಿ. ಎರಡನೆಯದಕ್ಕೆ ಬೆಳಕನ್ನು ಇನ್ನೊಂದು ಪಕ್ಕಕ್ಕೆ ಸರಿಸಿ. ಒಂದರಲ್ಲಿ ಎಡಗಾಜು ಹೊಳೆದಿದ್ದರೆ ಇನ್ನೊಂದರಲ್ಲಿ ಅದು ಶುಭ್ರವಾಗಿರುತ್ತದೆ. ಆ ಗಾಜಿನ ಭಾಗವನ್ನಷ್ಟೇ ತಂದು ಸೇರಿಸಬಹುದು.