94ರಲ್ಲೇ ನಿಂತುಬಿಡುವ ಇಂಟರ್ನೆಟ್

ತುಮಕೂರಿನ ಮನೆ, ಅಂಗಡಿಗಳಿಗೆ ನೆಟ್‌ವರ್ಕ್ ಹಾಕಿಕೊಡುವ ನನಗೆ ಪದೇ ಪದೇ ಬರುವ ಫೋನ್ ಒಂದಿದೆ. "100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ಕ್ಕೆ ಹೋದ್ವಿ. ದುಡ್ಡು ಜಾಸ್ತಿ ಕಟ್ತಾ ಇದ್ದೀವಿ, ಸ್ಪೀಡ್ ಮಾತ್ರ ಅಲ್ಲೇ ಇದೆ." ಸ್ಪೀಡ್ ಟೆಸ್ಟ್‌ನಲ್ಲಿ ಎಷ್ಟು ತೋರಿಸುತ್ತಿದೆ ಎಂದು ಕೇಳುತ್ತೇನೆ. 93, 94 ಅಥವಾ 95 ಎಂದರೆ ನನ್ನ ಅನುಮಾನ ಇಂಟರ್ನೆಟ್ ಕಂಪನಿಯ ಕಡೆಗಲ್ಲ, ಮನೆಯೊಳಗೆ ಕೇಬಲ್ ಚುಚ್ಚುವ ಯಾವುದೋ ಒಂದು ಪೋರ್ಟ್ ಕಡೆಗೆ ಹೋಗುತ್ತದೆ.

ವೈ-ಫೈ ದುರ್ಬಲವಾಗಿದ್ದರೆ ಸ್ಪೀಡ್ ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ. ಹಾಲ್‌ನಲ್ಲಿ 80, ರೂಮಿನಲ್ಲಿ 35, ಅಡುಗೆಮನೆಯಲ್ಲಿ 50 ಅಂತ ಏರಿಳಿಯುತ್ತದೆ. ಕಂಪನಿಯ ಲೈನ್ ಮೇಲೆ ಹೊರೆ ಹೆಚ್ಚಾಗಿದ್ದರೆ ರಾತ್ರಿ ಒಂಬತ್ತಕ್ಕೆ ಕುಸಿದು ಬೆಳಗಿನ ಜಾವಕ್ಕೆ ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆಯೂ 94, ರಾತ್ರಿಯೂ 94 ಅಂದರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ಪೋರ್ಟ್ ಇದೆ ಎಂದೇ ಲೆಕ್ಕ. 100 ಬರದೆ 94 ಯಾಕೆ ಅಂತ ಕೇಳುತ್ತಾರೆ. ಒಂದೊಂದು ಪ್ಯಾಕೆಟ್‌ನಲ್ಲೂ ನಮ್ಮ ಡೇಟಾ 1460 ಬೈಟ್ ಇದ್ದರೆ, ವಿಳಾಸ, ತಪಾಸಣೆ, ನಡುವಿನ ಖಾಲಿ ಜಾಗ ಎಲ್ಲ ಸೇರಿ ತಂತಿಯ ಮೇಲೆ 1538 ಬೈಟ್‌ನಷ್ಟು ಜಾಗ ಹಿಡಿಯುತ್ತದೆ. 100ರಲ್ಲಿ ನಮಗೆ ಸಿಗುವುದು ಹೆಚ್ಚೆಂದರೆ 95ರ ಹತ್ತಿರ.

ಜನ ಎಡವುವುದು ರೂಟರ್ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ 1200 ಎಂಬ ಅಂಕಿಯಲ್ಲಿ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಆ 1200 ವೈ-ಫೈಯ ಲೆಕ್ಕ. 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867. ಎರಡನ್ನೂ ಕೂಡಿಸಿ, ನೂರರ ಲೆಕ್ಕಕ್ಕೆ ಏರಿಸಿ 1200 ಎಂದು ಬರೆಯುತ್ತಾರೆ. ಇದು ರೂಟರ್‌ಗೂ ನಿಮ್ಮ ಮೊಬೈಲ್‌ಗೂ ನಡುವಿನ ಗಾಳಿಯಲ್ಲಿ ನಡೆಯುವ ವ್ಯವಹಾರ, ಅದೂ ಪುಸ್ತಕದ ಲೆಕ್ಕದಲ್ಲಿ. ಹೊರಗಿನ ಇಂಟರ್ನೆಟ್ ರೂಟರ್ ಒಳಗೆ ಬರುವುದು ಹಿಂಬದಿಯ ವ್ಯಾನ್ ಪೋರ್ಟ್ ಮೂಲಕ. ಆ ಪೋರ್ಟ್ 100ರದ್ದಾದರೆ ಮನೆಯ ಮೊಬೈಲ್, ಟೀವಿ, ಲ್ಯಾಪ್‌ಟಾಪ್ ಎಲ್ಲವೂ ಸೇರಿ ಹಂಚಿಕೊಳ್ಳಬೇಕಾದದ್ದು ಆ 94ನ್ನೇ. ಬೋರ್‌ವೆಲ್‌ನಲ್ಲಿ ಎರಡಿಂಚು ನೀರು ಬಿದ್ದರೂ ಮೇಲಕ್ಕೆ ಅರ್ಧ ಇಂಚಿನ ಪೈಪ್ ಎಳೆದರೆ ತೊಟ್ಟಿಗೆ ಬರುವುದೆಷ್ಟು? 1200 ಎಂದು ಬರೆದ ಎಷ್ಟೋ ಅಗ್ಗದ ರೂಟರ್‌ಗಳಲ್ಲಿ ಎಲ್ಲ ಪೋರ್ಟ್‌ಗಳೂ 100ರವೇ ಇರುತ್ತವೆ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಅದನ್ನೂ ಬರೆದಿರುತ್ತಾರೆ. ಪೋರ್ಟ್‌ಗಳ ಸಾಲಿನಲ್ಲಿ 10/100 ಎಂದಷ್ಟೇ ಇದ್ದರೆ ಅದು 100ರದ್ದು. 10/100/1000 ಅಥವಾ ಗಿಗಾಬಿಟ್ ಎಂದಿದ್ದರೆ ಮಾತ್ರ 300ರ ಪ್ಲಾನ್‌ಗೆ ಆಗುತ್ತದೆ.

ಬಟವಾಡಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಮಹಡಿಯಲ್ಲಿ ಸೊಸೆ ಬೆಂಗಳೂರಿನ ಕಂಪನಿಯೊಂದಕ್ಕೆ ವಿಡಿಯೋ ಎಡಿಟಿಂಗ್ ಮಾಡುತ್ತಾರೆ. ದೊಡ್ಡ ದೊಡ್ಡ ಫೈಲ್‌ಗಳ ಕೆಲಸ, ಅದಕ್ಕೇ 300ರ ಪ್ಲಾನ್ ಹಾಕಿಸಿದ್ದರು. ಇಂಟರ್ನೆಟ್ ಕಂಪನಿಯ ಹುಡುಗ ಬಂದು ಫೈಬರ್ ಬಾಕ್ಸ್‌ಗೆ ತನ್ನ ಲ್ಯಾಪ್‌ಟಾಪ್ ಚುಚ್ಚಿ 300 ತೋರಿಸಿ ಹೋಗಿದ್ದ. "ಅವನು ಬಂದಾಗ ಬರುತ್ತೆ, ಹೋದ ಮೇಲೆ ಬರಲ್ಲ. ಏನಪ್ಪಾ ಇದರ ಮರ್ಮ?" ಎಂದು ಮೇಷ್ಟ್ರು ಕೇಳಿದರು. ಹುಡುಗ ತೋರಿಸಿದ್ದು ಸರಿಯಾಗಿಯೇ ಇತ್ತು. ಬಾಕ್ಸ್‌ವರೆಗೆ 300 ಬರುತ್ತಿತ್ತು. ತೊಡಕು ಇದ್ದದ್ದು ಅಲ್ಲಿಂದ ಮುಂದೆ.

ಬಾಕ್ಸ್‌ನಿಂದ ಒಂದು ಕೇಬಲ್ ಮೇಷ್ಟ್ರು ಕೊಂಡಿದ್ದ ರೂಟರ್‌ಗೆ ಹೋಗುತ್ತಿತ್ತು. ಡಬ್ಬಿಯನ್ನು ಜೋಪಾನವಾಗಿ ಎತ್ತಿಟ್ಟಿದ್ದರು. ಮುಂದೆ 1200, ಹಿಂದೆ 10/100. "ಮೇಷ್ಟ್ರೇ, ನೋಡಿ ಇಲ್ಲಿ" ಎಂದು ತೋರಿಸಿದಾಗ ಕನ್ನಡಕ ಏರಿಸಿ ಎರಡು ಸಲ ಓದಿದರು. ಗಿಗಾಬಿಟ್ ರೂಟರ್ ಹಾಕಿದ ಮೇಲೆ ಹಾಲ್‌ನಲ್ಲಿ ಮೊಬೈಲ್‌ನಲ್ಲೇ, 5 ಗಿಗಾಹರ್ಟ್ಸ್‌ನಲ್ಲಿ, 280ರ ಆಸುಪಾಸು ಬಂತು. ಆದರೆ ಮಹಡಿಯ ಕಂಪ್ಯೂಟರ್‌ನಲ್ಲಿ ಮತ್ತದೇ 94.

ಬಹಳ ಜನ ಇಲ್ಲಿ ಸೋಲುತ್ತಾರೆ. ಒಂದು ಬದಲಾಯಿಸಿದರೂ ಆಗಲಿಲ್ಲ ಎಂದು ಬೇಸತ್ತು ಕೈಬಿಡುತ್ತಾರೆ. ದಾರಿಯಲ್ಲಿ 100ರ ಪೋರ್ಟ್ ಒಂದೇ ಇರಬೇಕು ಅಂತೇನಿಲ್ಲ. ಮಹಡಿಗೆ ಹೋಗುವ ಕೇಬಲ್ ಮೆಟ್ಟಿಲ ಕೆಳಗೆ, ಒಂದು ಲೈನನ್ನು ಹಲವು ಕೇಬಲ್‌ಗಳಿಗೆ ಹಂಚುವ ನೆಟ್‌ವರ್ಕ್ ಸ್ವಿಚ್ ಮೂಲಕ ಹೋಗುತ್ತಿತ್ತು. ಎಂಟು ಪೋರ್ಟ್‌ನ ಹಳೇ ಸ್ವಿಚ್, ಕ್ಯಾಮೆರಾ ಹಾಕಿಸಿದಾಗ ಇಟ್ಟದ್ದು. ಅದೂ 10/100. ಅದರ ಜಾಗಕ್ಕೆ ಐದು ಪೋರ್ಟ್‌ನ ಗಿಗಾಬಿಟ್ ಸ್ವಿಚ್ ಇಟ್ಟೆ. ಮಹಡಿಗೆ ಹೋಗಿ ಕಂಪ್ಯೂಟರ್‌ನ ಪವರ್‌ಶೆಲ್‌ನಲ್ಲಿ ಹೀಗೆ ಟೈಪ್ ಮಾಡಿದೆ:

```
Get-NetAdapter
```

LinkSpeed ಎಂಬ ಕಾಲಂನಲ್ಲಿ 1 Gbps ಎಂದು ಬರಬೇಕಿತ್ತು. 100 Mbps ಎಂದೇ ಇತ್ತು. ಗಮನಿಸಿ, ಇದು ಇಂಟರ್ನೆಟ್ ಸ್ಪೀಡ್ ಅಲ್ಲ. ಕಂಪ್ಯೂಟರ್ ಮತ್ತು ಅದರ ಕೇಬಲ್ ಇನ್ನೊಂದು ತುದಿಯಲ್ಲಿ ಸೇರುವ ಪೋರ್ಟ್, ಎರಡೂ ಸೇರಿ ಒಪ್ಪಿಕೊಂಡ ವೇಗ. ಕಂಪ್ಯೂಟರ್‌ನ ಪೋರ್ಟ್ ಗಿಗಾಬಿಟ್, ಈಗ ಸ್ವಿಚ್ ಕೂಡ ಗಿಗಾಬಿಟ್. ಉಳಿದದ್ದು ಕೇಬಲ್ ಒಂದೇ.

ಲ್ಯಾನ್ ಕೇಬಲ್‌ನಲ್ಲಿ ನಾಲ್ಕು ಜೋಡಿ ತಂತಿಗಳಿರುತ್ತವೆ. 100ಕ್ಕೆ ಎರಡು ಜೋಡಿ ಸಾಕು: 1, 2, 3, 6ನೇ ಪಿನ್‌ಗಳು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಒಂದು ಎಳೆ ಸರಿಯಾಗಿ ಕೂರದಿದ್ದರೂ ಎಷ್ಟೋ ಸಾಧನಗಳು ಸುಮ್ನೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ದೀಪ ಉರಿಯುತ್ತದೆ, ನೆಟ್ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕೇಬಲ್ ಟೆಸ್ಟರ್ ಹಾಕಿದೆ. 1, 2, 3 ಸರದಿಯಂತೆ ಮಿನುಗಿ, 4 ಮತ್ತು 5 ಕತ್ತಲೆಯಾಗಿ, 6ರಿಂದ ಮತ್ತೆ ಹೊತ್ತಿತು. ಕನೆಕ್ಟರ್ ಕತ್ತರಿಸಿ ನೋಡಿದರೆ ನೀಲಿ ಜೋಡಿ ಪಿನ್ ತನಕ ತಲುಪಿರಲೇ ಇಲ್ಲ. ಹೊಸ ಕನೆಕ್ಟರ್ ಕ್ರಿಂಪ್ ಮಾಡಿದ ಮೇಲೆ 1 Gbps ಬಂತು. ಸೊಸೆ ಟೆಸ್ಟ್ ಹಾಕಿದರು. 290 ದಾಟಿದ್ದನ್ನು ನೋಡಿ ಮೇಷ್ಟ್ರು ಕೆಳಗಿನಿಂದ ಹೆಂಡತಿಯನ್ನೂ ಕರೆದರು.

ಕೇಬಲ್ ಬಗ್ಗೆ ಇನ್ನೊಂದು ಮಾತು. ಗೋಡೆಯೊಳಗಿನ ಕೇಬಲ್ ಕ್ಯಾಟ್ 5ಇ ದರ್ಜೆಯದಾಗಿದ್ದರೆ 100 ಮೀಟರ್‌ವರೆಗೂ ಗಿಗಾಬಿಟ್‌ಗೆ ಸಾಕು. ಕ್ಯಾಟ್ 6 ಎಳೆಯಲೇಬೇಕು ಎಂದು ಯಾರಾದರೂ ಗೋಡೆ ಒಡೆಯಲು ಬಂದರೆ ಮೊದಲು ಎರಡೂ ತುದಿ ಟೆಸ್ಟ್ ಮಾಡಿಸಿ. ಆದರೆ ಕೆಲವು ಕಡೆ ಒಂದೇ ಕೇಬಲ್‌ನ ನಾಲ್ಕು ಜೋಡಿಗಳನ್ನು ಎರಡೆರಡಾಗಿ ಸೀಳಿ ಎರಡು ಮನೆಗೆ ಕೊಟ್ಟಿರುತ್ತಾರೆ. ಅಂಥ ಕಡೆ ಏನು ಬದಲಾಯಿಸಿದರೂ 100 ದಾಟದು, ಬೇರೆ ಕೇಬಲ್ ಎಳೆಯಲೇಬೇಕು.

ಎಲ್ಲ ತೊಂದರೆಯೂ ಪೋರ್ಟ್‌ನದೇ ಎಂದು ನಾನು ಹೇಳುತ್ತಿಲ್ಲ. ಸ್ಪೀಡ್ 150, 200ರ ನಡುವೆ ಓಲಾಡುತ್ತಿದ್ದರೆ 100ರ ಪೋರ್ಟ್ ಕಾರಣವಾಗಿರಲಾರದು. ಆಗ ವೈ-ಫೈ, ರೂಟರ್‌ನ ಪ್ರೊಸೆಸರ್, ಕಂಪನಿಯ ಲೈನ್ ಇವನ್ನು ನೋಡಬೇಕು. ಕೆಲವು ಫೈಬರ್ ಬಾಕ್ಸ್‌ಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100ರವು. ರೂಟರ್‌ನ ವೈರ್ ಯಾವುದರಲ್ಲಿದೆ ಎಂದು ನೋಡಿ, ಬದಲಾಯಿಸಿದರೆ ಖರ್ಚಿಲ್ಲದೆ ಕೆಲಸ ಆಗಬಹುದು. ಪರೀಕ್ಷಿಸುವ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಅಡಾಪ್ಟರ್ ಹಾಕಿದ್ದರೆ ಅದೂ 100ರದ್ದೇ ಇರಬಹುದು.

ಮೇಷ್ಟ್ರು ಹಳೇ ಸ್ವಿಚ್ಚನ್ನು ಗುಜರಿಗೆ ಹಾಕಲು ಹೊರಟಿದ್ದರು. ಬೇಡ ಎಂದೆ. ಅವರ ನಾಲ್ಕು ಕ್ಯಾಮೆರಾಗೆ ತಲಾ 4 ಎಂಬಿಪಿಎಸ್ ಹಿಡಿದರೂ 16 ಆಗುತ್ತದೆ, ಅಷ್ಟಕ್ಕೆ ಆ ಸ್ವಿಚ್ ಧಾರಾಳವಾಗಿ ಸಾಕು. ಕ್ಯಾಮೆರಾಗಳನ್ನೂ ರೆಕಾರ್ಡರನ್ನೂ ಅದರಲ್ಲೇ ಬಿಟ್ಟು, ಅದರಿಂದ ಒಂದು ವೈರ್ ಮಾತ್ರ ಗಿಗಾಬಿಟ್ ಸ್ವಿಚ್‌ಗೆ ಕೊಟ್ಟೆ. ಹಳೇ ಸ್ವಿಚ್‌ನ ಹಿಂದೆ ಇರುವವಕ್ಕಷ್ಟೇ 100ರ ಮಿತಿ, ಸೊಸೆಯ ಕಂಪ್ಯೂಟರ್ ದಾರಿಯಲ್ಲಿ ಅದೀಗ ಬರುವುದೇ ಇಲ್ಲ.