ತಲೆಸುತ್ತು ಶುರುವಾದದ್ದು ಯಾವ ದಿನ?

"ಅಪ್ಪನಿಗೆ ಹತ್ತು ದಿನಗಳಿಂದ ತಲೆಸುತ್ತು. ಮೆಟ್ಟಿಲಿನಲ್ಲಿ ಜಾರಿದ ಮೇಲೆ ಶುರುವಾಯಿತು. ಬಿಪಿ ಸರಿಯಾಗಿದೆ."

ವಿಡಿಯೊ ಸಮಾಲೋಚನೆಯ ಹಿಂದಿನ ದಿನ ಮಗಳೊಬ್ಬರು ಕಳುಹಿಸಿದ ವಿವರ ಇಷ್ಟೇ. ತಂದೆಗೆ 76 ವರ್ಷ. ಅವರು ಪತ್ನಿಯೊಂದಿಗೆ ದೂರದಲ್ಲಿದ್ದಾರೆ. ಜಾರಿದಾಗ ತಲೆಗೆ ಪೆಟ್ಟು ಬಿದ್ದಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿಲ್ಲ ಎಂಬುದನ್ನು ಮೊದಲು ಕೇಳಿ ಖಚಿತಪಡಿಸಿಕೊಂಡೆ. ಇವೆರಡರಲ್ಲಿ ಒಂದು ಇದ್ದಿದ್ದರೂ ವಿಡಿಯೊ ಕರೆಗೆ ಕಾಯದೆ ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದೆ. ಮುಖ ಓರೆಯಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲಿನ ಬಲ ಕುಂದುವುದು, ಎದೆನೋವು, ಪ್ರಜ್ಞೆ ತಪ್ಪುವುದು, ಇದ್ದಕ್ಕಿದ್ದಂತೆ ಗೊಂದಲಕ್ಕೆ ಬೀಳುವುದು: ಇಂಥವು ಕಂಡಾಗ ಪಟ್ಟಿ ಬರೆಯುತ್ತ ಕೂರಬಾರದು.

ಈ ತಂದೆಗೆ ಅಂಥದ್ದೇನೂ ಇರಲಿಲ್ಲ. ಹಾಗಾಗಿ ನಡೆದದ್ದನ್ನು ದಿನಾಂಕದ ಕ್ರಮದಲ್ಲಿ ಒಂದೇ ಪುಟದಲ್ಲಿ ಬರೆದು ಕಳುಹಿಸಿ ಎಂದು ಮಗಳಿಗೆ ಹೇಳಿದೆ.

ಬರೆಯುವಾಗ "ಯಾವಾಗ ಶುರುವಾಯಿತು?" ಎಂದು ಕೇಳಿದರೆ ಹಿರಿಯರು ನೆನಪಿನಲ್ಲಿ ಅಚ್ಚೊತ್ತಿದ ಘಟನೆಯನ್ನೇ ಆರಂಭವೆಂದು ಹೇಳಿಬಿಡುತ್ತಾರೆ. ಇಲ್ಲಿ ಆ ಘಟನೆ ಮೆಟ್ಟಿಲಿನಲ್ಲಿ ಜಾರಿದ್ದು. ಬದಲಿಗೆ, ಎಲ್ಲವೂ ಸರಿಯಿದ್ದ ಕೊನೆಯ ದಿನವನ್ನು ಹುಡುಕಬೇಕು. "ಕಣ್ಣಿನ ತಪಾಸಣೆಗೆ ಹೋದ ದಿನ ಆಸರೆಯಿಲ್ಲದೆ ನಡೆದಿರಾ?", "ಅದರ ಮರುವಾರ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಹೇಗಿತ್ತು?" ಎಂದು ಗೊತ್ತಿರುವ ದಿನಗಳನ್ನು ಹಿಡಿದು ಮುಂದೆ ಬರಬೇಕು. ಮಗಳು ಹೀಗೆ ಕೇಳಿದಾಗ ತಾಯಿ ನಡುವೆ ಬಾಯಿ ಹಾಕಿ, "ಜಾರುವುದಕ್ಕೆ ಮುಂಚೆಯೇ ಒಂದು ಬೆಳಿಗ್ಗೆ ಗೋಡೆ ಹಿಡಿದು ನಿಂತಿದ್ದರಲ್ಲ" ಎಂದರಂತೆ. ಜೊತೆಯಲ್ಲಿರುವವರನ್ನೂ ಕೇಳಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಎರಡನೆಯದು, ಪದಗಳು. "ತಲೆಸುತ್ತು" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಅನುಭವಗಳು ಅಡಗಿರಬಹುದು: ಕೋಣೆಯೇ ಗಿರಗಿರ ತಿರುಗಿದಂತಾಗುವುದು, ಕಣ್ಣಿಗೆ ಕತ್ತಲೆ ಕವಿಯುವುದು, ಕಾಲು ತಡವರಿಸುವುದು. ಇವುಗಳ ಕಾರಣಗಳೂ ಬೇರೆಯಾಗಿರಬಹುದು. ಆದ್ದರಿಂದ ಅವರು ಆಡಿದ ಮಾತನ್ನೇ ಬರೆಯಿರಿ. ರೋಗದ ಹೆಸರು ಬೇಡ. ಏನು ಮಾಡುವಾಗ ಆಯಿತು, ಎಷ್ಟು ಹೊತ್ತು ಇತ್ತು, ಏನು ಮಾಡಿದಾಗ ಹೋಯಿತು ಎಂಬುದನ್ನು ಪಕ್ಕದಲ್ಲಿ ಸೇರಿಸಿ.

ಮೂರನೆಯದು ಔಷಧಿ. ಹೊಸದಾಗಿ ಸೇರಿದ್ದು, ನಿಂತದ್ದು, ಪ್ರಮಾಣ ಬದಲಾದದ್ದು, ಮರೆತು ಬಿಟ್ಟದ್ದು ಎಲ್ಲವೂ ಅದೇ ಪುಟದಲ್ಲಿ, ಅದೇ ದಿನಾಂಕದ ಎದುರಿಗೆ ಇರಬೇಕು. ಬೇರೆ ಹಾಳೆಯಲ್ಲಿ ಬರೆದರೆ ನಂಟು ಕಾಣುವುದಿಲ್ಲ. ಬಾಯಿಮಾತಿಗಿಂತ ಮಾತ್ರೆಯ ಸ್ಟ್ರಿಪ್ಪನ್ನೇ ಕ್ಯಾಮೆರಾಕ್ಕೆ ಹಿಡಿದು ಹೆಸರು ಓದಿಕೊಳ್ಳುವುದೇ ವಾಸಿ.

ಮರುದಿನ ಬಂದ ಪುಟದ ಮುಖ್ಯ ಸಾಲುಗಳು ಹೀಗಿದ್ದವು:

1ನೇ ತಾರೀಖು: ಕಣ್ಣಿನ ತಪಾಸಣೆ. ಆಸರೆಯಿಲ್ಲದೆ ನಡೆದರು.
2: ಮೂತ್ರ ತಡೆದು ಬರುತ್ತಿದ್ದುದಕ್ಕೆ ಬೇರೆ ವೈದ್ಯರು ಟ್ಯಾಮ್ಸುಲೋಸಿನ್ ಕೊಟ್ಟರು. ರಾತ್ರಿ ಒಂದು.
5: ಬೆಳಿಗ್ಗೆ ಎದ್ದಾಗ "ಕಣ್ಣು ಕತ್ತಲಾಯಿತು". ಕುಳಿತಾಗ ಒಂದು ನಿಮಿಷದಲ್ಲಿ ಸರಿಹೋಯಿತು. (ಅಮ್ಮ ನೋಡಿದ್ದು.)
6ರಿಂದ 9: ನೆನಪಿಲ್ಲ.
10: ಬೆಳಿಗ್ಗೆ ಮೆಟ್ಟಿಲಿನಲ್ಲಿ ಜಾರಿದರು.
18: ಕುಳಿತಾಗ ಬಿಪಿ 132/80.

"ನೆನಪಿಲ್ಲ" ಎಂಬ ಸಾಲನ್ನು ಕಂಡು ನನಗೆ ಸಂತೋಷವಾಯಿತು. ಅಂದಾಜಿನಿಂದ ತುಂಬಿದ ದಿನ ವೈದ್ಯರನ್ನು ದಾರಿ ತಪ್ಪಿಸುತ್ತದೆ. ಟ್ಯಾಮ್ಸುಲೋಸಿನ್ ಬಗ್ಗೆ ಮಗಳು ಮೊದಲು ಹೇಳದಿದ್ದುದಕ್ಕೆ ಕಾರಣ ಸರಳ: ಅದು ಬಿಪಿ ಮಾತ್ರೆಯಲ್ಲ. ಆದರೆ ಅದು ರಕ್ತನಾಳಗಳನ್ನೂ ಸ್ವಲ್ಪ ಸಡಿಲಿಸಬಲ್ಲದು. ಮೊದಲೇ ಎರಡು ಬಿಪಿ ಮಾತ್ರೆ ತೆಗೆದುಕೊಳ್ಳುವ ಇವರಂಥ ಹಿರಿಯರಲ್ಲಿ, ಎದ್ದು ನಿಂತ ಕೂಡಲೇ ರಕ್ತದೊತ್ತಡ ಕುಸಿಯಲು ಅಷ್ಟು ಸಾಕಾಗಬಹುದು.

ಕರೆಯ ಹೊತ್ತಿನಲ್ಲಿ ಅದನ್ನೇ ಅಳೆದೆವು. ಐದು ನಿಮಿಷ ಮಲಗಿಸಿ ನೋಡಿದಾಗ 134/80. ತಾಯಿ ಪಕ್ಕದಲ್ಲಿ, ಹಿಂದೆ ಕುರ್ಚಿ. ನಿಂತ ಮೂರನೇ ನಿಮಿಷಕ್ಕೆ 106/68. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಗಂಭೀರವಾಗಿ ಪರಿಗಣಿಸುತ್ತೇವೆ. "ಬಿಪಿ ಸರಿಯಾಗಿದೆ" ಎಂದದ್ದು ಸುಳ್ಳಾಗಿರಲಿಲ್ಲ, ಕುಳಿತಾಗ ಮಾತ್ರ ಅಳೆದಿದ್ದರು.

ದಿನಾಂಕಗಳು ಹೊಂದಿಕೊಂಡ ಮಾತ್ರಕ್ಕೆ ಕಾರಣ ಸಾಬೀತಾಗುವುದಿಲ್ಲ. ರಕ್ತಹೀನತೆ, ನಿರ್ಜಲೀಕರಣ, ಹೃದಯದ ಬಡಿತದ ಏರುಪೇರು ಕೂಡ ಹೀಗೆಯೇ ಮಾಡಬಲ್ಲವು. ಹಾಗಾಗಿ ರಕ್ತಪರೀಕ್ಷೆ, ಇಸಿಜಿ ಎರಡನ್ನೂ ಹತ್ತಿರದಲ್ಲೇ ಮಾಡಿಸಿದೆವು. ಎರಡರಲ್ಲೂ ತೊಂದರೆ ಕಾಣಲಿಲ್ಲ. ಮಾತ್ರೆ ಬರೆದ ವೈದ್ಯರೊಂದಿಗೆ ಮಾತನಾಡಿದ ನಂತರವೇ ಅದನ್ನು ನಿಲ್ಲಿಸಿದೆವು. ಮನೆಯವರು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದ ಮೇಲೂ ಬರೆಯುವುದನ್ನು ಮುಂದುವರಿಸಲು ಹೇಳಿದೆ. 27ನೇ ತಾರೀಖಿನ ಸಾಲು ಹೀಗಿತ್ತು: "ರಾತ್ರಿ ಮೂರು ಬಾರಿ ಎದ್ದರು, ಕಣ್ಣು ಕತ್ತಲಾಗಲಿಲ್ಲ. ನಿಂತಾಗ 126/76. ಮೂತ್ರ ಮತ್ತೆ ತಡೆದು ಬರುತ್ತಿದೆ." ಮುಂದಿನ ಸಮಾಲೋಚನೆಯನ್ನು ಆ ಕೊನೆಯ ವಾಕ್ಯದಿಂದಲೇ ಶುರುಮಾಡಿದೆವು.