ರೆಸ್ಯೂಮೆಯಲ್ಲಿನ ಆ ಶೇ. 90 ನಿಖರತೆ

ಮಾರ್ಕೆಟಿಂಗ್ ಅನಲಿಟಿಕ್ಸ್ ಹುದ್ದೆಗೆ ಅರ್ಜಿ ಹಾಕುವ ಹೊಸ ಪದವೀಧರರ ರೆಸ್ಯೂಮೆಗಳಲ್ಲಿ ನಾನು ಮತ್ತೆ ಮತ್ತೆ ಓದುವ ಸಾಲೊಂದಿದೆ: "ಪೈಥಾನ್ ಬಳಸಿ ಬ್ಯಾಂಕ್ ಮಾರ್ಕೆಟಿಂಗ್ ಡೇಟಾದ ಮೇಲೆ ಶೇ. 90 ನಿಖರತೆಯ ಮಾಡೆಲ್ ರೂಪಿಸಿದ್ದೇನೆ." ಪ್ರಾಜೆಕ್ಟ್, ಟೂಲ್, ಅಂಕಿ ಮೂರೂ ಇರುವುದರಿಂದ ಬರೆದವರಿಗೆ ಇದು ಗಟ್ಟಿಯಾದ ಸಾಲೆನಿಸುತ್ತದೆ. ಸಂದರ್ಶಕನಾದ ನನಗೆ ಮೊದಲ ಪ್ರಶ್ನೆ ಇಲ್ಲಿಯೇ ಸಿಗುತ್ತದೆ.

ಈ ಡೇಟಾ ಪೋರ್ಚುಗಲ್‌ನ ಬ್ಯಾಂಕೊಂದು 2008ರಿಂದ 2010ರವರೆಗೆ ನಿಶ್ಚಿತ ಠೇವಣಿಗಾಗಿ ಗ್ರಾಹಕರಿಗೆ ಮಾಡಿದ ದೂರವಾಣಿ ಕರೆಗಳದ್ದು. ಯುಸಿಐ ಎಂಬ ಅಮೆರಿಕದ ವಿಶ್ವವಿದ್ಯಾಲಯದ ಡೇಟಾ ಸಂಗ್ರಹದಲ್ಲಿ ಉಚಿತವಾಗಿ ದೊರೆಯುತ್ತದೆ. `bank-full.csv` ಕಡತದ 45,211 ದಾಖಲೆಗಳಲ್ಲಿ ಒಪ್ಪಿದವರು 5,289, ಅಂದರೆ ಶೇ. 11.7. ಹೀಗಾಗಿ ಏನನ್ನೂ ಲೆಕ್ಕ ಹಾಕದೆ ಎಲ್ಲರೂ "ಬೇಡ" ಎನ್ನುತ್ತಾರೆಂದು ಬರೆದಿಟ್ಟರೂ ಶೇ. 88.3 ನಿಖರತೆ ಬಂದುಬಿಡುತ್ತದೆ. ಉಳಿದ ಅಲ್ಪ ಹೆಚ್ಚಳವೂ ಬಹಳಷ್ಟು ಸಲ `duration` ಎಂಬ ಕಾಲಂನಿಂದ ಬಂದಿರುತ್ತದೆ. ಅದು ಕರೆ ಎಷ್ಟು ಸೆಕೆಂಡು ನಡೆಯಿತೆಂಬ ದಾಖಲೆ. ಒಪ್ಪಿದವರೊಂದಿಗೆ ಮಾತು ಬೆಳೆಯುವುದು ಸಹಜ, ಆದರೆ ಯಾರಿಗೆ ಕರೆ ಮಾಡಬೇಕೆಂದು ನಿರ್ಧರಿಸುವ ಹೊತ್ತಿಗೆ ಆ ಸಂಖ್ಯೆ ಯಾರ ಕೈಯಲ್ಲೂ ಇರುವುದಿಲ್ಲ.

ಅದೇ ಕೆಲಸವನ್ನು ಮಾರ್ಕೆಟಿಂಗ್ ವಿಭಾಗದವರ ಪ್ರಶ್ನೆಯಿಂದ ಆರಂಭಿಸಿ ನೋಡಿ: ಹತ್ತರಲ್ಲಿ ಒಬ್ಬರಿಗೆ ಮಾತ್ರ ಕರೆ ಮಾಡಲು ಸಿಬ್ಬಂದಿಯಿದ್ದರೆ ಯಾರನ್ನು ಆರಿಸಬೇಕು? ಶೇ. 20 ದಾಖಲೆಗಳನ್ನು, ಒಪ್ಪಿದವರ ಪ್ರಮಾಣ ಕೆಡದಂತೆ, ಪರೀಕ್ಷೆಗೆಂದು ಬೇರೆ ತೆಗೆದಿಟ್ಟರೆ ಅಲ್ಲಿ ಸುಮಾರು 9,042 ಗ್ರಾಹಕರಿರುತ್ತಾರೆ. ಅವರ ಹತ್ತನೇ ಒಂದು ಭಾಗ 904. ಯಾರನ್ನೋ ಆರಿಸಿ ಕರೆ ಮಾಡಿದರೆ ಸುಮಾರು 106 ಒಪ್ಪಿಗೆ ಸಿಗಬೇಕು. ಒಪ್ಪುವ ಸಾಧ್ಯತೆ ಹೆಚ್ಚೆಂದು ನಿಮ್ಮ ಮಾಡೆಲ್ ಮೊದಲಿಗೆ ಆರಿಸಿದ 904 ಜನರಲ್ಲಿ 360 ಮಂದಿ ಒಪ್ಪಿದ್ದರೆಂದು ಭಾವಿಸೋಣ (ಇದು ಉದಾಹರಣೆಯ ಅಂಕಿ, ನಿಮ್ಮದನ್ನು ನೀವೇ ಲೆಕ್ಕ ಹಾಕಬೇಕು). ಆಗ ಸಾಲು ಹೀಗಾಗುತ್ತದೆ: "45,211 ಕರೆಗಳ ದಾಖಲೆಯನ್ನು ಎಸ್‌ಕ್ಯೂಎಲ್‌ನಲ್ಲಿ ಶುಚಿಗೊಳಿಸಿ, `duration` ಕೈಬಿಟ್ಟು, ಪೈಥಾನ್‌ನಲ್ಲಿ ಲಾಜಿಸ್ಟಿಕ್ ರಿಗ್ರೆಶನ್ ಮಾಡೆಲ್ ರೂಪಿಸಿದೆ; ಪರೀಕ್ಷಾ ಭಾಗದಲ್ಲಿ ಮೊದಲ ಶೇ. 10 ಗ್ರಾಹಕರಲ್ಲಿ ಸರಾಸರಿಗಿಂತ 3.4 ಪಟ್ಟು ಒಪ್ಪಿಗೆ."

ಟೂಲ್‌ಗಳ ಹೆಸರು ಇಲ್ಲಿ ಅವು ಮಾಡಿದ ಕೆಲಸದೊಂದಿಗೇ ಬಂದಿರುವುದನ್ನು ಗಮನಿಸಿ. ಕೆಳಗೆ ಪ್ರತ್ಯೇಕ ಪಟ್ಟಿಯಿದ್ದರೂ ಇರಲಿ, ಆದರೆ ಪ್ರಾಜೆಕ್ಟ್‌ಗಳಲ್ಲಿ ಎಲ್ಲೂ ಕಾಣದ ಟೂಲ್ ಅಲ್ಲಿದ್ದರೆ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಪೈಥಾನ್: ಶೇ. 80" ಎಂಬ ಬಣ್ಣದ ಪಟ್ಟಿಗಳಿಗಂತೂ ಅರ್ಥವೇ ಇಲ್ಲ, ಯಾವುದರ ಶೇ. 80?

ಇನ್ನೊಂದು ಎಚ್ಚರ ಬೇಕು. ಈ ಫಲಿತಾಂಶವನ್ನು "ಮಾರಾಟ 3.4 ಪಟ್ಟು ಹೆಚ್ಚಿಸಿದೆ" ಎಂದು ಬರೆಯಬೇಡಿ. ನಿಮ್ಮ ಮಾಡೆಲ್ ನೋಡಿ ಯಾರೂ ಯಾರಿಗೂ ಕರೆ ಮಾಡಿಲ್ಲ. ಅದು ಹಳೆಯ ದಾಖಲೆಗಳ ಮೇಲೆ ಬಂದ ಅಳತೆ. "ಪರೀಕ್ಷಾ ಭಾಗದಲ್ಲಿ" ಎಂಬ ಎರಡು ಪದಗಳನ್ನು ಉಳಿಸಿಕೊಂಡವರನ್ನು ನಾನು ಸಂದರ್ಶನಕ್ಕೆ ಕರೆಯುತ್ತೇನೆ.